ಬಂದ ಹಣ ಯಾರದು? ಬಿಲ್ಲಿನ ಚೌಕವೇ ಹೇಳಲಿ

ಮನೆಪಾಠ ನಡೆಸುವ ಒಬ್ಬರಲ್ಲಿ ನಲವತ್ತು ಮಕ್ಕಳಿದ್ದಾರೆ ಎನ್ನೋಣ. ತಿಂಗಳ ಶುಲ್ಕ ಎಲ್ಲರಿಗೂ 1,200 ರೂಪಾಯಿ. ಒಂದೇ ಸಂಜೆ ಅವರ ಖಾತೆಗೆ ಯುಪಿಐ ಮೂಲಕ ಒಂಬತ್ತು ಬಾರಿ 1,200 ರೂಪಾಯಿ ಬಂದು ಬೀಳುತ್ತದೆ. ಜೊತೆಗೆ ಕಾಣುವ ಹೆಸರು ಮಗುವಿನದಲ್ಲ; ತಂದೆಯದೋ, ಸೋದರಮಾವನದೋ ಇರುತ್ತದೆ. ಕೊನೆಗೆ, ಹಣ ಕಟ್ಟಿದ ಹುಡುಗನನ್ನೇ ‘ಫೀಸು ಯಾವಾಗ ತರ್ತೀಯಪ್ಪಾ?’ ಎಂದು ಎಲ್ಲರೆದುರು ಕೇಳುವಂತಾಗುತ್ತದೆ.

ಗೋಡೆಗೆ ಅಂಟಿಸಿದ ಕ್ಯೂಆರ್ ಚೌಕ ಸಾಮಾನ್ಯವಾಗಿ ಹೇಳುವುದು ಹಣ ಯಾರಿಗೆ ಸಲ್ಲಬೇಕು ಎಂಬುದನ್ನು ಮಾತ್ರ. ಆದರೆ ಆ ಕಪ್ಪು ಚುಕ್ಕೆಗಳೊಳಗೆ ಅಡಗಿರುವುದು ಒಂದು ಸಾಲು ಬರಹ, ಅಷ್ಟೇ. ಅದೇ ಸಾಲಿಗೆ ಮೊತ್ತವನ್ನೂ ಬಿಲ್ಲಿನ ಗುರುತನ್ನೂ ಸೇರಿಸಿ, ಪ್ರತಿ ಬಿಲ್ಲಿಗೂ ಬೇರೆಯದೇ ಚೌಕ ಮುದ್ರಿಸಬಹುದು. 2026ರ ಜುಲೈ ತಿಂಗಳ, 18ನೇ ಕ್ರಮಸಂಖ್ಯೆಯ ವಿದ್ಯಾರ್ಥಿಗೆ T260718 ಎಂಬ ಗುರುತು ಕೊಟ್ಟರೆ ಸಾಲು ಹೀಗಿರುತ್ತದೆ:

```
upi://pay?pa=abhyasa@bank&pn=Abhyasa%20Tuition&am=1200.00&cu=INR&tn=T260718
```

ಇಲ್ಲಿ pa ಎಂದರೆ ಹಣ ಪಡೆಯುವವರ ಯುಪಿಐ ವಿಳಾಸ (ಇದು ಮಾದರಿಗೆ ಮಾತ್ರ), pn ಅವರ ಹೆಸರು, am ಮೊತ್ತ, cu ಯಾವ ದೇಶದ ಹಣ ಎಂಬುದು, tn ಟಿಪ್ಪಣಿ. ಹೆಸರಿನಲ್ಲಿ ತೆರಪು ಬರುವ ಕಡೆ %20 ಎಂದು ಬರೆಯಬೇಕು. & ಚಿಹ್ನೆ ಒಂದು ಭಾಗವನ್ನು ಇನ್ನೊಂದರಿಂದ ಬೇರ್ಪಡಿಸುವ ಗೆರೆಯಿದ್ದಂತೆ; ಅದನ್ನು ಹೆಸರಿನೊಳಗೆ ತುರುಕಿದರೆ ಹೆಸರು ಅಲ್ಲಿಗೇ ತುಂಡಾಗುತ್ತದೆ.

ಕಂಪ್ಯೂಟರ್ ಬಲ್ಲ ಹೈಸ್ಕೂಲು ಹುಡುಗರಿಗೆ ನಲವತ್ತು ಸಾಲುಗಳನ್ನು ಸಿದ್ಧಪಡಿಸುವುದು ಅರ್ಧ ಗಂಟೆಯ ಕೆಲಸ. ಅವನ್ನು ಚೌಕವಾಗಿಸುವ ತಂತ್ರಾಂಶಗಳು ಉಚಿತವಾಗಿಯೇ ಸಿಗುತ್ತವೆ. ಆದರೆ ಕೆಲವು ಜಾಲತಾಣಗಳು ನಾವು ಕೊಟ್ಟ ಸಾಲಿನ ಬದಲು ತಮ್ಮದೇ ಕೊಂಡಿಯನ್ನು ಚೌಕದೊಳಗೆ ಇಟ್ಟುಬಿಡುತ್ತವೆ. ಸಾಮಾನ್ಯ ಸ್ಕ್ಯಾನರಿನಲ್ಲಿ ಓದಿಸಿ ನೋಡಿ. ಮೊದಲಿಗೆ upi:// ಎಂದೇ ಕಾಣಬೇಕು. ಚೌಕದ ಸುತ್ತ ಬಿಳಿಯ ಅಂಚು ಬಿಡುವುದನ್ನೂ ಮರೆಯಬಾರದು. ಬಿಲ್ಲಿನ ಗೆರೆಗಳು ಅದಕ್ಕೆ ತಾಗಿದರೆ ಕ್ಯಾಮೆರಾ ತಡವರಿಸುತ್ತದೆ.

ಎಲ್ಲ ಬಿಲ್ಲುಗಳನ್ನು ಹಂಚುವ ಮೊದಲು ಒಂದು ಪ್ರಯೋಗ ಆಗಲೇಬೇಕು. ಮೊತ್ತವನ್ನು 1.00 ಎಂದಿಟ್ಟು ಒಂದು ಚೌಕ ಮಾಡಿ, ಬೇರೆ ಬ್ಯಾಂಕಿನ ಖಾತೆಯಿಂದ ಹಣ ಕಳಿಸಿ, ನಿಮ್ಮ ಬ್ಯಾಂಕಿನ ವಿವರಪಟ್ಟಿ ತೆರೆದು ನೋಡಿ. ಟಿಪ್ಪಣಿ ಅಲ್ಲಿ ಪೂರ್ತಿ ಮೂಡಿದರೆ ಸರಿ, ಗುರುತನ್ನು ಹುಡುಕಿದರೆ ಮಗುವಿನ ಲೆಕ್ಕ ಸಿಕ್ಕಿತು. ಕೆಲವು ಬ್ಯಾಂಕುಗಳು ಟಿಪ್ಪಣಿಯ ಬಾಲ ಕತ್ತರಿಸುತ್ತವೆ. ಗುರುತು ಚಿಕ್ಕದಿರಲಿ ಎನ್ನುವುದು ಅದಕ್ಕೇ.

ಟಿಪ್ಪಣಿ ಬರಲೇ ಇಲ್ಲವಾದರೆ? ಪ್ರತಿ ಯುಪಿಐ ಪಾವತಿಗೂ ವ್ಯವಸ್ಥೆಯೇ ಕೊಡುವ 12 ಅಂಕಿಗಳ ಯುಟಿಆರ್ ಸಂಖ್ಯೆಯೊಂದಿದೆ. ಕಟ್ಟಿದವರ ಆ್ಯಪಿನಲ್ಲೂ ಪಡೆದವರ ವಿವರಪಟ್ಟಿಯಲ್ಲೂ ಅದು ಒಂದೇ. ಪಾಲಕರು ಅದನ್ನು ಬಿಲ್ಲಿನ ಮೇಲೆ ಬರೆದು ಕಳಿಸಿದರೆ ಸಾಕು. ಪಾವತಿಯ ಪರದೆಯ ಚಿತ್ರ ಮಾತ್ರ ಪುರಾವೆಯಲ್ಲ. ಅದನ್ನು ತಿದ್ದುವುದು ಈಗ ಮಕ್ಕಳಾಟ.

ಇನ್ನೊಂದು ಸಂಗತಿ, ಕಾಗದದ ಮೇಲಿನ ಚೌಕಕ್ಕೆ ನೆನಪಿಲ್ಲ. ಬೆಳಿಗ್ಗೆ ತಂದೆ ಕಟ್ಟಿದ್ದನ್ನು ಅರಿಯದೆ ಸಂಜೆ ತಾಯಿಯೂ ಕಟ್ಟಿದರೆ ಅದು ತಡೆಯುವುದಿಲ್ಲ. ಆಗ ಪಟ್ಟಿಯಲ್ಲಿ T260718 ಎರಡು ಬಾರಿ ಕಾಣುತ್ತದೆ. ಎರಡನೆಯ 1,200 ರೂಪಾಯಿಯನ್ನು ಯಾರ ಮನೆಗೆ ಹಿಂದಿರುಗಿಸಬೇಕೆಂದು ಹುಡುಕಾಡಬೇಕಿಲ್ಲ.