ಲಿಥಿಯಂ ಹಗುರ, ಬ್ಯಾಟರಿ ಭಾರ

ಲೋಹಗಳಲ್ಲೆಲ್ಲ ಅತಿ ಹಗುರವಾದದ್ದು ಲಿಥಿಯಂ. ಅದರ ತುಂಡೊಂದನ್ನು ಎಣ್ಣೆಗೆ ಹಾಕಿದರೆ ತೇಲುತ್ತದೆ. ಅದೇ ಲಿಥಿಯಂ ಹೆಸರಿನ ಬ್ಯಾಟರಿಯನ್ನು ಕಾರಿನಿಂದ ಕೆಳಗಿಳಿಸಲು ಮಾತ್ರ ಯಂತ್ರವೇ ಬೇಕು. ಈ ಭಾರ ಎಲ್ಲಿಂದ ಬರುತ್ತದೆ ಎಂದು ತಿಳಿಯಲು ಒಂದು ಕಾರಿನ ಬ್ಯಾಟರಿಯನ್ನು ಬಿಚ್ಚಿ ನೋಡೋಣ. 2012ರಲ್ಲಿ ಅಮೆರಿಕದಲ್ಲಿ ಮಾರಾಟಕ್ಕೆ ಬಂದ ಟೆಸ್ಲಾ ಮಾಡೆಲ್ ಎಸ್ ಕಾರಿನ ದೊಡ್ಡ ಬ್ಯಾಟರಿ ಅದಕ್ಕೆ ಒಳ್ಳೆಯ ಉದಾಹರಣೆ. ಅದರೊಳಗೆ ಏನೇನಿದೆ ಎಂಬುದು ಚೆನ್ನಾಗಿ ಗೊತ್ತಿರುವ ಸಂಗತಿ.

ಆ ಬ್ಯಾಟರಿಯ ತೂಕ ಸುಮಾರು 540 ಕಿಲೋ. ಅದು ಹಿಡಿದಿಡುವ ವಿದ್ಯುತ್ 85 ಕಿಲೋವ್ಯಾಟ್-ಅವರ್, ಅಂದರೆ ನಮ್ಮ ಮನೆಯ ಕರೆಂಟ್ ಬಿಲ್ಲಿನ ಲೆಕ್ಕದಲ್ಲಿ 85 ಯೂನಿಟ್. ಅಷ್ಟರಲ್ಲಿ ಕಾರು ಸುಮಾರು 425 ಕಿಲೋಮೀಟರ್ ಓಡುತ್ತದೆ ಎಂದು ಅಮೆರಿಕದ ಸರ್ಕಾರಿ ಪರೀಕ್ಷೆ ಹೇಳಿತ್ತು. ಅಷ್ಟೇ ದೊಡ್ಡ ಪೆಟ್ರೋಲ್ ಕಾರು ಲೀಟರಿಗೆ ಹತ್ತು-ಹನ್ನೊಂದು ಕಿಲೋಮೀಟರ್ ಕೊಟ್ಟರೂ ಅಷ್ಟು ದೂರಕ್ಕೆ 40 ಲೀಟರ್ ಸಾಕು. ನಲವತ್ತು ಲೀಟರ್ ಪೆಟ್ರೋಲ್ ತೂಗುವುದು ಸುಮಾರು 30 ಕಿಲೋ.

ಒಂದು ಕಿಲೋ ಪೆಟ್ರೋಲಿನಲ್ಲಿ ಸುಮಾರು 12 ಯೂನಿಟ್ ಶಕ್ತಿ ಇರುತ್ತದೆ. ಈ ಬ್ಯಾಟರಿಯ ಒಂದು ಕಿಲೋದಲ್ಲಿ ಇರುವುದು 0.16 ಯೂನಿಟ್, ಅಂದರೆ ಪೆಟ್ರೋಲಿನ ಎಪ್ಪತ್ತೈದರಲ್ಲಿ ಒಂದು ಪಾಲು. ಹಾಗಿದ್ದರೂ ಬ್ಯಾಟರಿಯ ತೂಕ ಪೆಟ್ರೋಲಿನ ಎಪ್ಪತ್ತೈದು ಪಟ್ಟು ಆಗದೆ ಹದಿನೆಂಟು ಪಟ್ಟಿಗೆ ನಿಂತಿದೆ. ಪೆಟ್ರೋಲ್ ಎಂಜಿನ್ ತಾನು ಸುಡುವುದರಲ್ಲಿ ಮುಕ್ಕಾಲು ಪಾಲನ್ನು ಬಿಸಿಯಾಗಿ ರೇಡಿಯೇಟರಿಗೂ ಸೈಲೆನ್ಸರಿಗೂ ಕೊಟ್ಟುಬಿಡುತ್ತದೆ; ವಿದ್ಯುತ್ ಮೋಟರು ತನಗೆ ಸಿಕ್ಕಿದ್ದರಲ್ಲಿ ಬಹುಪಾಲನ್ನು ಚಕ್ರಕ್ಕೇ ಮುಟ್ಟಿಸುತ್ತದೆ. ಬ್ರೇಕ್ ಹಾಕಿದಾಗ ಸ್ವಲ್ಪವನ್ನು ಬ್ಯಾಟರಿಗೆ ಹಿಂದಿರುಗಿಸುತ್ತದೆ ಕೂಡ. ಈ ದಕ್ಷತೆ ಇಲ್ಲದಿದ್ದರೆ ಇಂಥ ಕಾರು ರಸ್ತೆಗೆ ಇಳಿಯುತ್ತಲೇ ಇರಲಿಲ್ಲ.

ಈ ಹೋಲಿಕೆಯಲ್ಲಿ ಪೆಟ್ರೋಲಿಗೆ ಇನ್ನೊಂದು ದೊಡ್ಡ ಅನುಕೂಲವಿದೆ. ಒಂದು ಕಿಲೋ ಪೆಟ್ರೋಲ್ ಸುಡಲು ಸುಮಾರು ಮೂರೂವರೆ ಕಿಲೋ ಆಮ್ಲಜನಕ ಬೇಕು. ಅದನ್ನು ಕಾರು ಹೊತ್ತೊಯ್ಯುವುದಿಲ್ಲ, ದಾರಿಯುದ್ದಕ್ಕೂ ಗಾಳಿಯಿಂದ ಎಳೆದುಕೊಳ್ಳುತ್ತದೆ. ಕೆಲಸ ಮುಗಿದ ಮೇಲೆ ಉಳಿದದ್ದನ್ನು ಹೊಗೆಯಾಗಿ ಹೊರಗೆ ಬಿಟ್ಟುಬಿಡುತ್ತದೆ. ಆಮ್ಲಜನಕವನ್ನೂ ಸಿಲಿಂಡರಿನಲ್ಲಿ ತುಂಬಿಕೊಂಡು ಹೊರಡಬೇಕಾಗಿದ್ದರೆ, ಸಿಲಿಂಡರಿನ ತೂಕ ಬಿಟ್ಟರೂ, ಕಿಲೋಗೆ 12 ಯೂನಿಟ್ ಇದ್ದದ್ದು ಮೂರಕ್ಕಿಂತ ಕೆಳಗೆ ಇಳಿಯುತ್ತಿತ್ತು. ಬ್ಯಾಟರಿಗೆ ಆ ಅನುಕೂಲವಿಲ್ಲ. ಅದು ಮುಚ್ಚಿದ ಡಬ್ಬಿ. ರಾಸಾಯನಿಕ ಕ್ರಿಯೆಗೆ ಬೇಕಾದ ಎರಡೂ ಕಡೆಯ ವಸ್ತುಗಳು ಅದರೊಳಗೇ ಇರಬೇಕು, ಕ್ರಿಯೆ ಮುಗಿದ ಮೇಲೂ ಒಳಗೇ ಉಳಿಯಬೇಕು. ಇಲ್ಲವಾದರೆ ಮತ್ತೆ ಚಾರ್ಜ್ ಮಾಡಲು ಬರುವುದಿಲ್ಲ. ಟ್ಯಾಂಕು ಖಾಲಿಯಾದಂತೆ ಪೆಟ್ರೋಲ್ ಕಾರು ಹಗುರವಾಗುತ್ತದೆ. ಬ್ಯಾಟರಿ ಕಾರು ಹೊರಟಾಗಲೂ ತಲುಪಿದಾಗಲೂ ಅಷ್ಟೇ ಭಾರ.

ಈಗ ಆ 540 ಕಿಲೋದ ಲೆಕ್ಕಕ್ಕೆ ಬರೋಣ. ಸೆಲ್ ವಿದ್ಯುತ್ ಕೊಡುವಾಗ ಲಿಥಿಯಂ ಅಯಾನುಗಳು ಗ್ರಾಫೈಟ್ ಇರುವ ಬದಿಯಿಂದ ನಿಕಲ್ ಆಕ್ಸೈಡ್ ಇರುವ ಬದಿಗೆ ಹೋಗುತ್ತವೆ, ಚಾರ್ಜ್ ಮಾಡುವಾಗ ಹಿಂದಕ್ಕೆ ಬರುತ್ತವೆ. ಸುಮಾರು 3.6 ವೋಲ್ಟಿನಲ್ಲಿ ಏಳು ಗ್ರಾಂ ಲಿಥಿಯಂ ಹೀಗೆ ಒಂದು ಬದಿಯಿಂದ ಇನ್ನೊಂದು ಬದಿಗೆ ಸಾಗಿದರೆ ಹತ್ತಿರ ಹತ್ತಿರ 0.1 ಯೂನಿಟ್ ವಿದ್ಯುತ್ ಸಿಗುತ್ತದೆ. ಆ ಲೆಕ್ಕದಲ್ಲಿ 85 ಯೂನಿಟ್‌ಗೆ ಓಡಾಡಬೇಕಾದ ಲಿಥಿಯಂ ಕೇವಲ ಆರು ಕಿಲೋ! ಲಿಥಿಯಂ ಒಂದನ್ನೇ ತೂಗಿದರೆ ಕಿಲೋಗೆ 14 ಯೂನಿಟ್ ಬರುತ್ತದೆ, ಪೆಟ್ರೋಲಿಗಿಂತಲೂ ಹೆಚ್ಚು. ಈ ಲೆಕ್ಕವನ್ನು ಮೊದಲ ಸಲ ಹಾಕಿದವರು ಯಾರೇ ಆಗಲಿ ಬೆರಗಾಗದೆ ಇರುವುದಿಲ್ಲ.

ಹಾಗಾದರೆ ಆರು ಕಿಲೋ 540 ಆಗುವುದು ಹೇಗೆ? ಲಿಥಿಯಂ ಹೋಗಿ ಕೂರಲು ಎರಡೂ ಕಡೆ ಜಾಗ ಬೇಕು. ಗ್ರಾಫೈಟಿನಲ್ಲಿ ಒಂದು ಲಿಥಿಯಂ ಪರಮಾಣುವಿಗೆ ಆರು ಕಾರ್ಬನ್ ಪರಮಾಣುಗಳು ಆಸರೆ ಕೊಡುತ್ತವೆ. ಲಿಥಿಯಂ ತೂಕ ಏಳು ಎಂದರೆ ಆಸರೆಯ ತೂಕ ಎಪ್ಪತ್ತೆರಡು. ಇನ್ನೊಂದು ಬದಿ ಇನ್ನೂ ಭಾರ, ಅಲ್ಲಿ ನಿಕಲ್, ಕೋಬಾಲ್ಟ್, ಆಮ್ಲಜನಕಗಳ ಪದರಗಳಿವೆ. ಆ ಪದರಗಳ ನಡುವಿನ ಲಿಥಿಯಂ ಅಷ್ಟನ್ನೂ ಹೊರಗೆಳೆಯುವಂತಿಲ್ಲ. ಮಿತಿ ಮೀರಿ ಚಾರ್ಜ್ ಮಾಡಿದರೆ ಪದರಗಳು ಕುಸಿದು ಆಮ್ಲಜನಕ ಬಿಡುಗಡೆಯಾಗುತ್ತದೆ, ಒಳಗಿನ ದ್ರಾವಣವೋ ಸುಲಭವಾಗಿ ಹೊತ್ತಿಕೊಳ್ಳುವಂಥದ್ದು. ಅದಕ್ಕಾಗಿ ಕಾಲು ಭಾಗಕ್ಕಿಂತ ಹೆಚ್ಚು ಲಿಥಿಯಂ ಕೆಲಸವಿಲ್ಲದೆ ಅಲ್ಲೇ ಕೂತಿರುತ್ತದೆ. ಎರಡೂ ಬದಿಗಳನ್ನು ಸೇರಿಸಿದರೆ ನಮ್ಮ ಆರು ಕಿಲೋ ಸುಮಾರು 190 ಆಗುತ್ತದೆ.

ವಿದ್ಯುತ್ತನ್ನು ಹೊರಗೆ ತರಲು ತಾಮ್ರದ ಹಾಳೆ, ಅಲ್ಯೂಮಿನಿಯಂ ಹಾಳೆ, ನಡುವೆ ತೆಳು ಪ್ಲಾಸ್ಟಿಕ್ ಪೊರೆ, ದ್ರಾವಣ, ಇವೆಲ್ಲವನ್ನೂ ಸುತ್ತಿಡಲು ಉಕ್ಕಿನ ಡಬ್ಬಿ. ಟಾರ್ಚಿಗೆ ಹಾಕುವ ಸೆಲ್ಲಿಗಿಂತ ತುಸು ಉದ್ದವಾದ ಇಂಥ 7,104 ಸೆಲ್‌ಗಳು ಆ ಕಾರಿನಲ್ಲಿದ್ದವು. ಅವೇ ಸುಮಾರು 345 ಕಿಲೋ.

ಉಳಿದ 195 ಕಿಲೋ ಕಾವಲಿನದು. ಸೆಲ್‌ಗಳ ನಡುವೆ ತಂಪು ದ್ರವ ಹರಿಸುವ ಕೊಳವೆ, ಪ್ರತಿಯೊಂದು ಸೆಲ್ಲಿಗೂ ಫ್ಯೂಸಿನಂಥ ಸಣ್ಣ ತಂತಿ, ವಿಭಾಗಗಳ ನಡುವೆ ಗೋಡೆ, ತಳದಲ್ಲಿ ದಪ್ಪ ಅಲ್ಯೂಮಿನಿಯಂ ಫಲಕ. 2013ರಲ್ಲಿ ರಸ್ತೆಯಲ್ಲಿ ಬಿದ್ದಿದ್ದ ಲೋಹದ ತುಂಡುಗಳು ತಳಕ್ಕೆ ಬಡಿದು ಈ ಮಾದರಿಯ ಕಾರುಗಳಿಗೆ ಬೆಂಕಿ ಹತ್ತಿದಾಗ, ಮರುವರ್ಷ ಟೈಟಾನಿಯಂ ತಟ್ಟೆಯೊಂದನ್ನೂ ಸೇರಿಸಿದರು. ಇಷ್ಟನ್ನು ಹೊರಲು ಕಾರಿನ ಸಸ್ಪೆನ್ಷನ್, ಬ್ರೇಕು, ಟೈರು ಎಲ್ಲವೂ ಗಟ್ಟಿಯಾಗಬೇಕು. ಗಟ್ಟಿಯಾದಷ್ಟೂ ಭಾರ, ಭಾರವಾದಷ್ಟೂ ಇನ್ನಷ್ಟು ಬ್ಯಾಟರಿ. ಎಂಜಿನ್, ಗೇರ್‌ಬಾಕ್ಸ್ ಇಲ್ಲದೆ ಉಳಿದ ತೂಕ ಇದರಲ್ಲೇ ಕರಗಿಹೋಗುತ್ತದೆ. ಕಾರು ಎರಡು ಟನ್ ದಾಟುತ್ತದೆ.

ಆಸರೆಯಿಲ್ಲದೆ ಲಿಥಿಯಂ ಲೋಹವನ್ನೇ ನೇರವಾಗಿ ಬಳಸಬಾರದೇ? 1970ರ ದಶಕದಲ್ಲಿ ಸ್ಟ್ಯಾನ್ಲಿ ವಿಟಿಂಗ್‌ಹ್ಯಾಮ್ ಮಾಡಿದ ಬ್ಯಾಟರಿಯಲ್ಲಿ ಇದ್ದದ್ದು ಅದೇ. ಮತ್ತೆ ಮತ್ತೆ ಚಾರ್ಜ್ ಮಾಡಿದಂತೆ ಲೋಹದ ಮೇಲೆ ಸೂಜಿಯಂಥ ಮೊಳಕೆಗಳು ಬೆಳೆದು, ಪೊರೆ ತೂರಿ, ಇನ್ನೊಂದು ಬದಿಗೆ ತಾಗಿ ಬೆಂಕಿ ಹತ್ತುತ್ತಿತ್ತು. 1985ರಲ್ಲಿ ಜಪಾನಿನ ಅಕಿರಾ ಯೋಶಿನೊ ಲೋಹದ ಜಾಗದಲ್ಲಿ ಕಾರ್ಬನ್ ಇಟ್ಟರು. ತೂಕ ಹೆಚ್ಚಿತು, ಬ್ಯಾಟರಿ ಸುರಕ್ಷಿತವಾಯಿತು. ಇವರಿಬ್ಬರೂ ಜಾನ್ ಗುಡಿನಫ್ ಅವರೊಂದಿಗೆ 2019ರ ನೊಬೆಲ್ ಹಂಚಿಕೊಂಡರು. ಬ್ಯಾಟರಿಯ ಭಾರವನ್ನು ಎಂಜಿನಿಯರುಗಳ ಅಸಾಮರ್ಥ್ಯ ಎಂದು ದೂರುವವರಿಗೆ ನಾನು ಹೇಳುವುದು ಇದನ್ನೇ: ಅದರಲ್ಲಿ ಬಹುಪಾಲು, ಸಾವಿರ ಸಲ ಚಾರ್ಜ್ ಮಾಡಿದರೂ ಮನೆಯ ಮುಂದೆ ನಿಂತ ವಾಹನ ಹೊತ್ತಿಕೊಳ್ಳದಿರಲಿ ಎಂದು ತಿಳಿದೇ ಒಪ್ಪಿಕೊಂಡ ತೂಕ.

ಬೆಂಗಳೂರಿನಲ್ಲಿ ತಯಾರಾಗಿ 2001ರಲ್ಲಿ ಬಂದ ರೇವಾ ಕಾರು ಸೀಸದ ಬ್ಯಾಟರಿಯದು. 48 ವೋಲ್ಟ್, 200 ಆಂಪಿಯರ್-ಅವರ್, ಅಂದರೆ 9.6 ಯೂನಿಟ್. ಸೀಸದ ಬ್ಯಾಟರಿ ಕಿಲೋಗೆ 0.03ರಿಂದ 0.04 ಯೂನಿಟ್ ಮಾತ್ರ ಕೊಡುವುದರಿಂದ, ಆ ಪುಟ್ಟ ಕಾರು ಕಾಲು ಟನ್ನಿಗೂ ಹೆಚ್ಚು ಬ್ಯಾಟರಿ ಹೊರಬೇಕಿತ್ತು. ಅದೇ 9.6 ಯೂನಿಟ್‌ಗೆ ಮಾಡೆಲ್ ಎಸ್ ಮಾದರಿಯ ಲಿಥಿಯಂ ಬ್ಯಾಟರಿ 60 ಕಿಲೋ ಸಾಕು.

ಇದೇ ಲೆಕ್ಕ ನಮ್ಮ ಸ್ಕೂಟರುಗಳ ಅಳತೆಯನ್ನೂ ನಿರ್ಧರಿಸಿದೆ. ಐದು ಲೀಟರ್ ಟ್ಯಾಂಕಿನ ಪೆಟ್ರೋಲ್ ಸ್ಕೂಟರು ನಾಲ್ಕು ಕಿಲೋದೊಳಗಿನ ಇಂಧನದಲ್ಲಿ 225 ಕಿಲೋಮೀಟರ್ ಓಡಬಲ್ಲದು. ವಿದ್ಯುತ್ ಸ್ಕೂಟರು ಕಿಲೋಮೀಟರಿಗೆ 0.03 ಯೂನಿಟ್ ತಿಂದರೂ ಅಷ್ಟು ದೂರಕ್ಕೆ 40 ಕಿಲೋ ಮೀರಿದ ಬ್ಯಾಟರಿ ಬೇಕು. ಅದನ್ನು ಸ್ಟ್ಯಾಂಡಿಗೆ ಹಾಕುವುದೇ ಕಷ್ಟ. ಅದಕ್ಕಾಗಿ ತಯಾರಕರು ನೂರು ಕಿಲೋಮೀಟರಿನ ಆಸುಪಾಸಿಗೆ, ಮೂರು ಯೂನಿಟ್ ಹಿಡಿಯುವ ಇಪ್ಪತ್ತು ಕಿಲೋ ಸುಮಾರಿನ ಬ್ಯಾಟರಿಗೆ ನಿಲ್ಲಿಸುತ್ತಾರೆ. ನಿತ್ಯ ಮೂವತ್ತು ಕಿಲೋಮೀಟರ್ ಓಡಾಡುವವರು ಅದಕ್ಕಿಂತ ದೊಡ್ಡದನ್ನು ಕೊಂಡರೆ, ಬಳಸದ ಕಿಲೋಗಳನ್ನು ದಿನವೂ ಹೊತ್ತು ತಿರುಗಬೇಕಾಗುತ್ತದೆ.