ಐವಿಎಫ್: ರಿಪೋರ್ಟ್ ಬರುವ ಮೊದಲೇ ಗಂಡ-ಹೆಂಡತಿ ಮಾತಾಡಿಕೊಳ್ಳಿ

ಅಂಕೋಲಾ: "ಏನಾದ್ರೂ ವಿಶೇಷ ಉಂಟಾ?" ಮದುವೆಯಾಗಿ ನಾಲ್ಕೈದು ವರ್ಷ ಕಳೆದ ದಂಪತಿಗೆ ಅಂಗಡಿ ಕಟ್ಟೆಯಲ್ಲೂ ಎದುರಾಗುವ ಪ್ರಶ್ನೆ ಇದು. ಐವಿಎಫ್‌ಗೆಂದು ಕಾರವಾರ, ಅಂಕೋಲಾದಿಂದ ಹುಬ್ಬಳ್ಳಿಗೋ ಗೋವಾಕ್ಕೋ ಓಡಾಡುವವರಿಗೆ ಅದು ಇನ್ನಷ್ಟು ಚುಚ್ಚುತ್ತದೆ.

ಅಂಡಾಣು ಬೆಳೆಯಲು ಸುಮಾರು 10 ದಿನ ಇಂಜೆಕ್ಷನ್, ನಡುನಡುವೆ ಸ್ಕ್ಯಾನ್ ಇರುತ್ತದೆ. ಅಂಗಡಿ ಬಿಡಲಾಗದ ಗಂಡ ಹೆಂಡತಿಯೊಬ್ಬಳನ್ನೇ ಘಟ್ಟದ ಬಸ್ ಹತ್ತಿಸಿದರೆ, ನೋವೆಲ್ಲ ತನ್ನೊಬ್ಬಳದ್ದೇ ಅಂತ ಅವಳಿಗೆ ಅನಿಸುತ್ತದೆ. ಖರ್ಚಿನ ಚಿಂತೆಯಲ್ಲಿ ಅವನು ಸುಮ್ಮನಿದ್ದರೆ ಅವಳಿಗದು ಕಾಳಜಿ ಇಲ್ಲದಂತೆ ಕಾಣುತ್ತದೆ. ಎಲ್ಲ ಸ್ಕ್ಯಾನ್‌ಗೂ ಹೋಗಲಾಗದಿದ್ದರೂ, ಭ್ರೂಣ ಇಡುವ ದಿನವಾದರೂ ಅಂಗಡಿ ಬಾಗಿಲು ಹಾಕಿ ಜೊತೆಗೆ ಹೋಗಬೇಕು.

ಹೆಚ್ಚು ಕಷ್ಟ ಅದರ ನಂತರದ ಸುಮಾರು ಎರಡು ವಾರ. ಗರ್ಭ ನಿಂತಿದೆಯೇ ಎಂಬುದು ರಕ್ತ ಪರೀಕ್ಷೆಯಿಂದಲೇ ಖಚಿತ. ಮನೆಯಲ್ಲಿ ಅವಸರದಿಂದ ಮಾಡುವ ಮೂತ್ರ ಪರೀಕ್ಷೆ ತಪ್ಪು ತೋರಿಸಬಹುದು. ಸ್ವಲ್ಪ ರಕ್ತ ಕಂಡ ಮಾತ್ರಕ್ಕೆ ಎಲ್ಲ ಮುಗಿಯಿತು ಅಂತಲ್ಲ. ವೈದ್ಯರನ್ನು ಕೇಳದೆ ಮಾತ್ರೆ ನಿಲ್ಲಿಸಬಾರದು.

ಈ ದಿನಗಳಿಗೆ ಮೊದಲೇ ಮೂರು ವಿಷಯ ಇಬ್ಬರೂ ಮಾತಾಡಿ ಇಟ್ಟುಕೊಳ್ಳಬೇಕು. ರಿಪೋರ್ಟ್ ಇಬ್ಬರೂ ಕೂತು ಒಟ್ಟಿಗೇ ನೋಡುವುದು. ಅತ್ತೆ-ಮಾವ, ನೆಂಟರು ಕೇಳಿದರೆ ಗಂಡನೇ "ನಾವೇ ಹೇಳ್ತೇವೆ" ಎಂದು ಉತ್ತರಿಸುವುದು. ಈ ಸಲ ಆಗದಿದ್ದರೆ ಮತ್ತೆ ಎಷ್ಟು ಪ್ರಯತ್ನ, ಸಾಲದ ಮಿತಿ ಎಷ್ಟು ಎಂಬುದನ್ನು ಅಳುವ ಹೊತ್ತಿನಲ್ಲಲ್ಲ, ಈಗಲೇ ನಿರ್ಧರಿಸುವುದು.

ಕಾರಣ ಗಂಡಸಿನಲ್ಲೂ ಇರಬಹುದು, ಇಬ್ಬರಲ್ಲೂ ಇರಬಹುದು. "ಯಾರ ದೋಷ" ಎಂಬ ಮಾತು ಮನೆಯೊಳಗೆ ಬರಬಾರದು. 2021ರ ಎಆರ್‌ಟಿ ಕಾಯ್ದೆಯಂತೆ ದಂಪತಿಗೆ ಆಪ್ತ ಸಮಾಲೋಚನೆ ಒದಗಿಸುವುದು ಕ್ಲಿನಿಕ್‌ನ ಹೊಣೆ. ಕೇಳಿ ಪಡೆಯಲು ಸಂಕೋಚ ಬೇಡ.