ನರ ಮಿಡಿದ ಮೇಲಿನ ಆ ಒಂದು ಮಿಲಿಸೆಕೆಂಡ್

1939ರಲ್ಲಿ ಇಂಗ್ಲೆಂಡಿನ ಪ್ಲಿಮತ್‌ನಲ್ಲಿ ಅಲನ್ ಹಾಡ್ಜ್‌ಕಿನ್ ಮತ್ತು ಆಂಡ್ರ್ಯೂ ಹಕ್ಸ್ಲಿ, ಸ್ಕ್ವಿಡ್ ಎಂಬ ಕಡಲಜೀವಿಯ ದಪ್ಪ ನರತಂತುವಿನೊಳಕ್ಕೆ ಸಣ್ಣ ವಿದ್ಯುತ್ ಕಡ್ಡಿಯೊಂದನ್ನು ತೂರಿಸಿದರು. ನರ ಮಿಡಿದಾಗ ಒಳಗಿನ ಋಣ ವೋಲ್ಟೇಜ್ ಸೊನ್ನೆಗೆ ಬಂದು ನಿಲ್ಲುತ್ತದೆ ಎಂಬ ನಂಬಿಕೆ ಆಗ ಇತ್ತು. ಅದು ಸೊನ್ನೆಯನ್ನೂ ದಾಟಿ ಧನದ ಕಡೆಗೆ ಚಿಮ್ಮಿತು. ಯುದ್ಧ ಮುಗಿದ ಮೇಲೆ, 1952ರಲ್ಲಿ, ಅವರು ಇದರ ಕಾರಣವನ್ನು ಲೆಕ್ಕಸಮೇತ ವಿವರಿಸಿದರು.

ಸುಮ್ಮನಿರುವ ನರಕೋಶದ ಒಳಭಾಗ ಹೊರಗಿಗಿಂತ ಸುಮಾರು 70 ಮಿಲಿವೋಲ್ಟ್ ಋಣವಾಗಿರುತ್ತದೆ. ಪ್ರಚೋದನೆಯಿಂದ ಅದು ಮೈನಸ್ 55ರ ಆಸುಪಾಸಿಗೆ ಬಂದರೆ ಪೊರೆಯಲ್ಲಿನ ಸೋಡಿಯಂ ನಾಳಗಳು ತೆರೆದುಕೊಳ್ಳುತ್ತವೆ. ಒಳನುಗ್ಗುವ ಸೋಡಿಯಂ ವೋಲ್ಟೇಜನ್ನು ಇನ್ನಷ್ಟು ಏರಿಸುತ್ತದೆ, ಅದರಿಂದ ಮತ್ತಷ್ಟು ನಾಳಗಳು ತೆರೆಯುತ್ತವೆ. ಮಿಲಿಸೆಕೆಂಡಿನೊಳಗೆ ವೋಲ್ಟೇಜ್ ಪ್ಲಸ್ 30-40ಕ್ಕೆ ಮುಟ್ಟುತ್ತದೆ.

ಇಳಿತಕ್ಕೆ ಕಾರಣ ಎರಡು. ಪೊಟ್ಯಾಸಿಯಂ ನಾಳಗಳು ತಡವಾಗಿ ತೆರೆದು ಪೊಟ್ಯಾಸಿಯಂ ಹೊರಹರಿಯುತ್ತದೆ. ಅಷ್ಟರಲ್ಲಿ ಪ್ರತಿ ಸೋಡಿಯಂ ನಾಳದ ಒಳಬಾಯಿಗೆ ಅದರದೇ ಒಂದು ಭಾಗ ಬಿರಡೆಯಂತೆ ಬಂದು ಕೂರುತ್ತದೆ. ವೋಲ್ಟೇಜ್ ಮತ್ತೆ ಋಣಕ್ಕೆ ಇಳಿದು, ಸ್ವಲ್ಪ ಹೊತ್ತು ಅಲ್ಲೇ ಉಳಿದರೆ ಮಾತ್ರ ಬಿರಡೆ ಕಳಚುತ್ತದೆ.

ಬಿರಡೆ ಕೂತಿರುವ ಸುಮಾರು ಒಂದು ಮಿಲಿಸೆಕೆಂಡಿನಲ್ಲಿ ಎಷ್ಟೇ ಬಲವಾಗಿ ಪ್ರಚೋದಿಸಿದರೂ ನರ ಮಿಡಿಯದು. ಆಮೇಲಿನ ಕೆಲವು ಮಿಲಿಸೆಕೆಂಡುಗಳಲ್ಲಿ ಮಿಡಿಯಬಲ್ಲದು, ಆದರೆ ಹೆಚ್ಚು ಬಲದ ಪ್ರಚೋದನೆ ಬೇಕು. ಕೆಲವು ಬಿರಡೆಗಳು ಇನ್ನೂ ಕಳಚಿರುವುದಿಲ್ಲ. ಮುಚ್ಚಿಕೊಳ್ಳಲು ನಿಧಾನಿಸುವ ಪೊಟ್ಯಾಸಿಯಂ ನಾಳಗಳು ವೋಲ್ಟೇಜನ್ನು ಕೆಳಕ್ಕೇ ಎಳೆಯುತ್ತಿರುತ್ತವೆ. ಸೋಡಿಯಂ ದಾಸ್ತಾನು ಮುಗಿದು ನರ ಸುಸ್ತಾಯಿತು ಎಂದು ಭಾವಿಸಬೇಕಿಲ್ಲ. ಒಂದು ಮಿಡಿತದಲ್ಲಿ ಒಳಹೊರಗಾಗುವ ಅಯಾನುಗಳು ಒಟ್ಟು ಸಂಗ್ರಹದ ಅತಿ ಸಣ್ಣ ಪಾಲು.

ಒಂದು ಮಿಡಿತಕ್ಕೆ ಒಂದು ಮಿಲಿಸೆಕೆಂಡ್ ಬಿಡುವು ಕಡ್ಡಾಯವಾದರೆ ಸೆಕೆಂಡಿಗೆ 1000 ಮಿಡಿತವೇ ಮೇಲ್ಮಿತಿ. ಎರಡನೆಯ ಹಂತವನ್ನೂ ಸೇರಿಸಿದರೆ ಹೆಚ್ಚಿನ ನರಗಳು ಕೆಲವು ನೂರರಲ್ಲೇ ನಿಲ್ಲುತ್ತವೆ. ಪ್ರಚೋದನೆ ಬಲವಾದಷ್ಟೂ ಬಿಡುವಿನ ಹೊತ್ತಿನಲ್ಲೇ ಬೇಗ ಮಿಡಿದು ವೇಗ ಏರುತ್ತದೆ, ಆದರೆ ಮೊದಲ ಮಿಲಿಸೆಕೆಂಡಿನ ಗೋಡೆಯನ್ನು ದಾಟಲಾಗದು.

ಈ ಮಿತಿ ಕಿವಿಯಲ್ಲಿ ಎದ್ದು ಕಾಣುತ್ತದೆ. ಸೆಕೆಂಡಿಗೆ 2000 ಸಲ ಕಂಪಿಸುವ ಸ್ವರದಲ್ಲಿ ಎರಡು ಕಂಪನಗಳ ನಡುವೆ ಸಿಗುವುದು ಅರ್ಧ ಮಿಲಿಸೆಕೆಂಡ್ ಮಾತ್ರ. ಯಾವ ಶ್ರವಣತಂತುವೂ ಪ್ರತಿ ಕಂಪನಕ್ಕೂ ಮಿಡಿಯಲಾರದು. ಬದಲಿಗೆ ಒಂದೊಂದು ತಂತುವೂ ಹಲವು ಕಂಪನಗಳನ್ನು ಬಿಟ್ಟು ಮಿಡಿಯುತ್ತದೆ, ಆದರೆ ಮಿಡಿದಾಗಲೆಲ್ಲ ಕಂಪನದ ಅದೇ ಘಟ್ಟದಲ್ಲಿ. ನೂರಾರು ತಂತುಗಳ ಮಿಡಿತ ಒಟ್ಟುಗೂಡಿದರೆ 2000ರ ಲಯ ಪೂರ್ತಿ ಸಿಗುತ್ತದೆ. ಸ್ವರ ಇನ್ನೂ ಹಲವು ಸಾವಿರಕ್ಕೆ ಏರಿದಾಗ ಈ ಹೊಂದಾಣಿಕೆಯೂ ಸಡಿಲಗೊಳ್ಳುತ್ತದೆ. ಆಗ ಒಳಗಿವಿಯ ಯಾವ ಜಾಗದ ತಂತುಗಳು ಮಿಡಿದವು ಎಂಬುದರಿಂದಲೇ ಮಿದುಳು ಸ್ವರದ ಎತ್ತರವನ್ನು ಗುರುತಿಸುತ್ತದೆ.